ಇಂಟರ್ನ್ ಆದವರು ಟೈಮ್‌ಶೀಟ್ ತುಂಬುವುದು ಹೇಗೆ? ರಜೆ ಲೆಕ್ಕ ಹೇಗೆ?

ಹಾಜರಾತಿಗೂ ಟೈಮ್‌ಶೀಟ್‌ಗೂ ವ್ಯತ್ಯಾಸವಿದೆ. ಗೇಟಿನಲ್ಲಿ ಕಾರ್ಡ್ ತೋರಿಸಿದಾಗ ದಾಖಲಾಗುವುದು ನೀವು ಆಫೀಸಿನಲ್ಲಿ ಇದ್ದ ಹೊತ್ತು. ಆ ಹೊತ್ತು ಯಾವ ಕೆಲಸಕ್ಕೆ ಹೋಯಿತು ಅನ್ನುವುದನ್ನು ಟೈಮ್‌ಶೀಟ್‌ನಲ್ಲಿ ನೀವೇ ಬರೆಯಬೇಕು. ಹೊಸಬರಿಗೆ ತೊಂದರೆ ಬರುವುದು ಈ ಎರಡನೆಯದರಲ್ಲೇ ಜಾಸ್ತಿ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಇಂಟರ್ನ್‌ನ ಒಂದು ಸೋಮವಾರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಗ್ಗೆ 9.40ಕ್ಕೆ ಒಳಗೆ, ಸಂಜೆ 6.25ಕ್ಕೆ ಹೊರಗೆ. ಒಟ್ಟು 8 ಗಂಟೆ 45 ನಿಮಿಷ. ಊಟಕ್ಕೆ 45 ನಿಮಿಷ, ಟೀಗೆ 20 ನಿಮಿಷ ಕಳೆದರೆ ಉಳಿಯುವುದು 7 ಗಂಟೆ 40 ನಿಮಿಷ. ಅದರಲ್ಲಿ ಟೆಸ್ಟಿಂಗ್ 3 ಗಂಟೆ, ತರಬೇತಿ ವಿಡಿಯೋ 2 ಗಂಟೆ, ಮೀಟಿಂಗ್ 45 ನಿಮಿಷ, ಮೆಂಟರ್ ಜೊತೆ 40 ನಿಮಿಷ. ಸರ್ವರ್‌ಗೆ ಅನುಮತಿ ಸಿಗದೆ ಸುಮ್ನೆ ಕಾದದ್ದು ಒಂದೂಕಾಲು ಗಂಟೆ.

ಕಾದ ಹೊತ್ತನ್ನು ಬರೆಯಲು ಮುಜುಗರವಾಗುತ್ತದೆ, ಅಲ್ವಾ? ಅದನ್ನೂ ಟೆಸ್ಟಿಂಗ್‌ಗೇ ಸೇರಿಸಿ, ಒಟ್ಟನ್ನು 8ಕ್ಕೆ ಏರಿಸಿಬಿಡುವವರು ಬಹಳ ಮಂದಿ. ಹಾಗೆ ಮಾಡಿದರೆ 3 ಗಂಟೆಯ ಕೆಲಸಕ್ಕೆ ನಾಲ್ಕೂವರೆ ಗಂಟೆ ಬೇಕು ಎಂದು ಟೀಮ್ ಲೀಡ್ ತಿಳಿಯುತ್ತಾರೆ. ಮುಂದಿನ ವಾರದ ಯೋಜನೆಯೂ ಹಾಗೇ ಆಗುತ್ತದೆ. ಅನುಮತಿ ಸಿಗುವುದು ತಡವಾಗುತ್ತಿದೆ ಅನ್ನುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಪ್ರಾಜೆಕ್ಟ್‌ನಲ್ಲಿ ಗಂಟೆ ಲೆಕ್ಕದ ಬಿಲ್ ಇದ್ದರೆ, ಮಾಡದ ಕೆಲಸಕ್ಕೆ ಗ್ರಾಹಕರು ದುಡ್ಡು ಕೊಟ್ಟಂತೆ. ಕಾಯುವ ಹೊತ್ತಿಗೆಂದೇ ಹಲವು ಕಡೆ ಟೈಮ್‌ಶೀಟ್‌ನಲ್ಲಿ ಬೇರೆ ಕೋಡ್ ಇರುತ್ತದೆ. ಇಲ್ಲದಿದ್ದರೆ ಯಾವುದರಲ್ಲಿ ಹಾಕಬೇಕೆಂದು ಲೀಡ್‌ರನ್ನು ಕೇಳಿ, ಷರಾದಲ್ಲಿ ‘ಸರ್ವರ್ ಅನುಮತಿಗೆ ಕಾದದ್ದು’ ಎಂದು ಬರೆಯಿರಿ.

ಇನ್ನೊಂದು ಎಡವಟ್ಟು ದಶಮಾಂಶದ್ದು. ಗಂಟೆಯನ್ನು ದಶಮಾಂಶದಲ್ಲಿ ಕೇಳುವ ಶೀಟ್‌ನಲ್ಲಿ 7 ಗಂಟೆ 40 ನಿಮಿಷ ಎಂದರೆ 7.40 ಅಲ್ಲ. ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 7.67 ಬರುತ್ತದೆ. 7.40 ಎಂದು ಹಾಕಿದರೆ ಅದು 7 ಗಂಟೆ 24 ನಿಮಿಷವಾಗಿ, 16 ನಿಮಿಷ ಮಾಯವಾಗುತ್ತದೆ. ಕಾಲು ಗಂಟೆಯ ಲೆಕ್ಕವನ್ನು ಮಾತ್ರ ಒಪ್ಪುವ ಶೀಟ್ ಆದರೆ ಹತ್ತಿರದ ಕಾಲಿಗೆ ಹಾಕಿ. ಮೆಂಟರ್ ಜೊತೆಗಿನ 40 ನಿಮಿಷ 0.75 ಆಗುತ್ತದೆ, 35 ನಿಮಿಷ ಆಗಿದ್ದರೆ 0.50. ಯಾವಾಗಲೂ ಮೇಲಕ್ಕೇ ಏರಿಸಬೇಡಿ.

ಇದನ್ನೆಲ್ಲ ಅದೇ ದಿನ ಸಂಜೆ ಬರೆದುಬಿಡಿ. ಶುಕ್ರವಾರ ಕೂತು ಐದೂ ದಿನಕ್ಕೆ 8, 8 ಎಂದು ತುಂಬಿದ ಶೀಟ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಗೇಟಿನ ದಾಖಲೆಯ ಜೊತೆ ಹೋಲಿಸಿದರಂತೂ ಮುಗಿಯಿತು.

ಕಾರ್ಡ್ ತೋರಿಸಲು ಮರೆತರೆ ಸ್ನೇಹಿತರ ಕೈಲಿ ಹಾಕಿಸಬೇಡಿ. ಹಾಜರಾತಿ ತಿದ್ದುಪಡಿಗೆ ಅರ್ಜಿ ಇರುತ್ತದೆ. ಬಂದ ಸಮಯ ಮತ್ತು ಕಾರಣ ಬರೆದು, ಆವತ್ತೇ ಮೆಂಟರ್‌ಗೆ ಕಳಿಸಿ. ತಿಂಗಳ ಲೆಕ್ಕ ಮುಚ್ಚಿದ ಮೇಲೆ ತಿದ್ದಿಸುವುದು ಕಷ್ಟ.

ಇನ್ನು ರಜೆ. ಮೊದಲು ನಿಮ್ಮ ಕೈಯಲ್ಲಿರುವ ಕಾಗದ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಣಿಯಾಗಿದ್ದರೆ, ಆ ಸಂಸ್ಥೆಯಲ್ಲಿ ಪಾಲಿಸುವ ರಜೆಗಳು ನಿಮಗೂ ಸಿಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕಂಪನಿ ಬರೀ ಇಂಟರ್ನ್‌ಶಿಪ್ ಪತ್ರ ಕೊಟ್ಟಿದ್ದರೆ ಆ ಕಾಯ್ದೆಯ ಆಸರೆ ಇಲ್ಲ, ಪತ್ರದಲ್ಲಿ ಇರುವುದೇ ಮುಖ್ಯ. ಪಕ್ಕದ ಉದ್ಯೋಗಿಗೆ ವರ್ಷಕ್ಕೆ ಇಷ್ಟು ರಜೆ ಇದೆ ಎಂದ ಮಾತ್ರಕ್ಕೆ ನಿಮಗೂ ಇದೆ ಅಂದುಕೊಳ್ಳಬೇಡಿ.

ಪತ್ರದಲ್ಲಿ ಸಿಗದಿದ್ದರೆ ಎಚ್‌ಆರ್‌ಗೆ ಮೂರು ಪ್ರಶ್ನೆ ಇಮೇಲ್ ಮಾಡಿ. ಸ್ಟೈಪೆಂಡ್ ಕಡಿತವಾಗದ ರಜೆ ತಿಂಗಳಿಗೆ ಎಷ್ಟು? ಒಂದು ದಿನದ ಕಡಿತಕ್ಕೆ 30ರಿಂದ ಭಾಗಿಸುತ್ತೀರೋ, ಕೆಲಸದ ದಿನಗಳಿಂದಲೋ? ನಡುವೆ ಬರುವ ಶನಿವಾರ, ಭಾನುವಾರ ರಜೆಗೆ ಸೇರುತ್ತವೆಯೇ?

ಮೂರನೆಯದನ್ನು ಕೇಳದೆ ಊರಿಗೆ ಹೊರಟವರು ತಿಂಗಳ ಕೊನೆಯಲ್ಲಿ ಪೆಚ್ಚಾಗುತ್ತಾರೆ. ಸ್ಟೈಪೆಂಡ್ 15,000 ರೂಪಾಯಿ, ಭಾಗಿಸುವುದು 30ರಿಂದ, ಕಡಿತವಿಲ್ಲದ ರಜೆ ಒಂದು ದಿನ ಎಂದಿಟ್ಟುಕೊಳ್ಳಿ. ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದಿರಿ. ವಾರಾಂತ್ಯ ಸೇರದಿದ್ದರೆ ಒಂದು ದಿನದ 500 ರೂಪಾಯಿ ಹೋಗುತ್ತದೆ. ಸೇರಿದರೆ ರಜೆ ನಾಲ್ಕು ದಿನವಾಗಿ, ಮೂರು ದಿನದ 1,500 ರೂಪಾಯಿ ಕಡಿತ. ಅಂಥ ಕಡೆ ಗುರುವಾರ, ಶುಕ್ರವಾರ ರಜೆ ಹಾಕಿ ಸೋಮವಾರ ಬಂದರೆ ಸಾಮಾನ್ಯವಾಗಿ ವಾರಾಂತ್ಯ ಸೇರುವುದಿಲ್ಲ. ಅದನ್ನೂ ಕೇಳಿಕೊಂಡೇ ಹೊರಡಿ.

ಕಾಲೇಜಿನ ಕ್ರೆಡಿಟ್‌ಗಾಗಿ ಇಂಟರ್ನ್‌ಶಿಪ್ ಮಾಡುತ್ತಿದ್ದರೆ ಗೈಡ್‌ಗೂ ಅದೇ ತಾರೀಖುಗಳನ್ನು ತಿಳಿಸಿ. ವೈವಾಗೆ ಹೋದ ದಿನ ಕಂಪನಿಯಲ್ಲಿ ರಜೆ ಎಂದೇ ಹಾಕಿ, ಕಾರಣದಲ್ಲಿ ವೈವಾ ಎಂದು ಬರೆಯಿರಿ. ಆ ದಿನಕ್ಕೆ ಟೈಮ್‌ಶೀಟ್‌ನಲ್ಲಿ ಕೆಲಸದ ಗಂಟೆ ಇರಬಾರದು.