ಗೆರೆ ನೋಡಿದರೆ ಕೈ ಯಾವುದು ಅಂತ ಗೊತ್ತಾಗಲ್ಲ: ಡ್ರಮ್ ನೋಟೇಶನ್ ಓದಲು ಕಲಿತ ನನ್ನ ಅನುಭವ

ಮೈಸೂರು, ಮಂಡ್ಯ ಕಡೆ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುವವರು ಹೆಚ್ಚಿನವರು ಕಿವಿಯಿಂದಲೇ ಕಲಿತವರು. ನಾನೂ ಹಾಗೇ. ಗಣೇಶನ ಪೆಂಡಾಲಿನಲ್ಲಿ ರಾತ್ರಿಯಿಡೀ ನುಡಿಸಿ 1,200 ಇಲ್ಲ 1,500 ತೆಗೆದುಕೊಂಡು ಬರುತ್ತಿದ್ದೆ. ನೋಟೇಶನ್ ಕಲಿಯುತ್ತೇನೆ ಅಂದಾಗ ನಮ್ಮ ಕೀಬೋರ್ಡ್ ಗೆಳೆಯ ನಕ್ಕ. "ಮಗಾ, ಹಾಡು ಕೇಳಿದ್ರೆ ಕೈ ತಾನಾಗೇ ಹೋಗುತ್ತೆ. ಪೇಪರ್ ಇಟ್ಕೊಂಡು ಏನ್ ಮಾಡ್ತೀಯಾ?" ಈಗ ಓದಲು ಬರುತ್ತದೆ. ಹೇಗೆ ಬಂತು ಅಂತ ಬರೆಯುತ್ತಿದ್ದೇನೆ.

ನೋಟೇಶನ್‌ನ ಐದು ಗೆರೆಗಳಲ್ಲಿ ಕೆಳಗಿನ ಖಾಲಿ ಜಾಗದಲ್ಲಿ ಕಿಕ್, ನಡುವೆ ಸ್ನೇರ್, ಮೇಲೆ ಗುಣಾಕಾರದ ಗುರುತಿನಲ್ಲಿ ಹೈಹ್ಯಾಟ್. ಇದು ನಿಮಗೆ ಗೊತ್ತಿರುವ ವಿಷಯ, ಬಿಡಿ. ಮೊದಲು ಹೋದ ಕ್ಲಾಸಿನಲ್ಲಿ ತಿಂಗಳಿಗೆ 2,500 ಫೀಸು. ಅಲ್ಲಿ ಒಂದೊಂದೇ ಗೆರೆ ಕಲಿಸುತ್ತಿದ್ದರು. ಒಂದು ವಾರ ಹೈಹ್ಯಾಟ್, ಆಮೇಲೆ ಸ್ನೇರ್, ಆಮೇಲೆ ಕಿಕ್. ಬೇರೆ ಬೇರೆಯಾಗಿ ನುಡಿಸಿದರೆ ಎಲ್ಲಾ ಸರಿ, ಸೇರಿಸಿದ ಕೂಡಲೇ ಬಿದ್ದುಹೋಗುತ್ತಿತ್ತು. ಬಲಗಾಲು ಬಲಗೈಯ ಹಿಂದೆಯೇ ಓಡುತ್ತಿತ್ತು. ಸುಮಾರು ಹತ್ತು ಸಾವಿರ ಕೊಟ್ಟ ಮೇಲೆ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಆಮೇಲೆ ನಾನೇ ಹಿಡಿದ ದಾರಿ ಅಡ್ಡಕ್ಕೆ ಓದುವುದನ್ನು ಬಿಟ್ಟು ಉದ್ದುದ್ದಕ್ಕೆ, ಮೇಲಿನಿಂದ ಕೆಳಕ್ಕೆ ಓದುವುದು. ಒಂದು ಮಾಮೂಲಿ ಬಾರ್ ತೆಗೆದುಕೊಳ್ಳಿ. ನಾಲ್ಕು ಬೀಟು, ಒನ್ ಆ್ಯಂಡ್ ಟೂ ಆ್ಯಂಡ್ ಅಂತ ಎಂಟು ಮನೆ. ಎಂಟರಲ್ಲೂ ಹೈಹ್ಯಾಟ್. ಸ್ನೇರ್ 2 ಮತ್ತು 4ಕ್ಕೆ. ಕಿಕ್ 1ಕ್ಕೆ, 2ರ ಆ್ಯಂಡ್‌ಗೆ, 3ಕ್ಕೆ. ಗೆರೆ ಗೆರೆಯಾಗಿ ನೋಡಿದರೆ ಮೂರು ಬೇರೆ ಬೇರೆ ಲಯ ನೆನಪಿಡಬೇಕು. ಮನೆ ಮನೆಯಾಗಿ ನೋಡಿದರೆ ಇರುವುದು ಮೂರೇ ಪೆಟ್ಟು: ಬಲಗೈ ಒಂದೇ, ಬಲಗೈ ಜೊತೆ ಬಲಗಾಲು, ಬಲಗೈ ಜೊತೆ ಎಡಗೈ. ಮೊದಲ ಮನೆ ಕಾಲಿನದು, ಎರಡನೆಯದು ಒಂಟಿ, ಮೂರನೆಯದು ಎಡಗೈಯದು, ನಾಲ್ಕು ಮತ್ತು ಐದು ಮತ್ತೆ ಕಾಲು, ಆರು ಒಂಟಿ, ಏಳು ಎಡಗೈ, ಎಂಟು ಒಂಟಿ. ಮೆಟ್ರೊನೋಮ್ ಹಾಕದೆ ಒಂದೊಂದು ಪೆಟ್ಟು ಹೊಡೆದು ನಿಲ್ಲಿ, ಮುಂದಿನ ಮನೆ ನೋಡಿ, ಆಮೇಲೆ ಹೊಡೆಯಿರಿ. ನಾಲ್ಕು ಮತ್ತು ಐದನೇ ಮನೆಯಲ್ಲಿ ಎರಡು ಕಿಕ್ ಒಂದರ ಹಿಂದೆ ಒಂದು ಬರುತ್ತವೆ, ಅಲ್ಲೇ ಎಲ್ಲರ ಕಾಲು ತಡವರಿಸುತ್ತದೆ. ಆ ಎರಡು ಮನೆಯನ್ನು ಮಾತ್ರ ಸುತ್ತಿ ಸುತ್ತಿ ಹೊಡೆದೆ. ಆಮೇಲೆ ಮೆಟ್ರೊನೋಮ್ ಹಾಕಿ, ನಿಮಿಷಕ್ಕೆ 60 ಬೀಟಿನಲ್ಲಿ ಕೂತ ಮೇಲೆ 80ಕ್ಕೆ ಹೋಗುವುದು ಕಷ್ಟವೇ ಆಗಲಿಲ್ಲ.

ಬಣ್ಣದ ಪೆನ್ಸಿಲ್ ವಿಷಯ ಈಗ. ಕ್ಲಾಸಿನ ಪುಸ್ತಕದಲ್ಲಿ ಹೈಹ್ಯಾಟ್‌ಗೆ ಒಂದು ಬಣ್ಣ, ಸ್ನೇರ್‌ಗೆ ಒಂದು ಬಣ್ಣ ಇತ್ತು. ಅದರಿಂದ ನಯಾಪೈಸೆ ಉಪಯೋಗ ಇಲ್ಲ. ಯಾವುದು ಸ್ನೇರ್ ಅಂತ ಗೆರೆಯೇ ಹೇಳುತ್ತದಲ್ವಾ? ಹೇಳದೆ ಇರುವುದು ಅದನ್ನು ಯಾವ ಕೈ ಹೊಡೆಯಬೇಕು ಅನ್ನುವುದು. ನಾನು ಬಣ್ಣ ಕೊಟ್ಟಿದ್ದು ಕೈಕಾಲಿಗೆ. ಬಲಗೈ ಕೆಂಪು, ಎಡಗೈ ನೀಲಿ, ಬಲಗಾಲು ಕಪ್ಪು, ಎಡಗಾಲು ಹಸಿರು. ಒಟ್ಟು ಖರ್ಚು ಅರವತ್ತು ರೂಪಾಯಿ.

ಇದರ ಲಾಭ ಗೊತ್ತಾಗಿದ್ದು ಒಂದು ನಿಧಾನದ ಹಾಡಿನಲ್ಲಿ. ಒಂದು ಬೀಟಿಗೆ ನಾಲ್ಕು ಹೈಹ್ಯಾಟ್, ಅಂದರೆ ತಕದಿಮಿ. ಒನ್ ಈ ಆ್ಯಂಡ್ ಅ ಅಂತ ಎಣಿಸುವುದಕ್ಕಿಂತ ನಮ್ಮ ಬಾಯಿಗೆ ತಕದಿಮಿಯೇ ಸಲೀಸು. ಎರಡೂ ಕೈಯಲ್ಲಿ ಒಂದಾದ ಮೇಲೊಂದು ನುಡಿಸಿದರೆ ತ ಬಲಗೈ, ಕ ಎಡಗೈ, ದಿ ಬಲಗೈ, ಮಿ ಎಡಗೈ. ಈಗ 2ನೇ ಬೀಟಿನ ಸ್ನೇರ್ ಯಾರದು? ಬೀಟು ಶುರುವಾಗುವುದೇ ತ ಮೇಲೆ, ಹಾಗಾಗಿ ಬಲಗೈಯೇ ಹೈಹ್ಯಾಟ್ ಬಿಟ್ಟು ಸ್ನೇರ್‌ಗೆ ಇಳಿಯಬೇಕು. ಮೊದಲು ಹೇಳಿದ ಎಂಟು ಮನೆಯ ಬಾರ್‌ನಲ್ಲಿ ಅದೇ ಜಾಗದ ಸ್ನೇರ್ ನೀಲಿ, ಇಲ್ಲಿ ಕೆಂಪು.

ಕಾಗದದಲ್ಲಿ ಇದಕ್ಕೊಂದು ಸುಳಿವು ಇದೆ. ಸ್ನೇರ್ ಇರುವ ಮನೆಯ ತಲೆಯ ಮೇಲೆ ಹೈಹ್ಯಾಟ್ ಗುರುತು ಇಲ್ಲದಿದ್ದರೆ ಬರೆದವನು ಎರಡು ಕೈಯ ಲೆಕ್ಕದಲ್ಲಿ ಬರೆದಿದ್ದಾನೆ ಅಂತ ಸಾಮಾನ್ಯವಾಗಿ ತಿಳಿಯಬಹುದು. ಗುರುತು ಇದ್ದರೆ ಬಲಗೈ ಒಂದೇ ಹದಿನಾರನ್ನೂ ಹೊಡೆಯಬೇಕು, ಸ್ನೇರ್ ಎಡಗೈಗೆ ಹೋಗುತ್ತದೆ. ನನ್ನ ಬಲಗೈ 95ರ ಆಸುಪಾಸಿನ ತನಕ ತಡೆಯುತ್ತದೆ. ಅದರ ಮೇಲೆ ಹೋದರೆ ಆ ಒಂದು ಹೈಹ್ಯಾಟನ್ನು ಬಿಟ್ಟು ಎರಡು ಕೈಗೆ ಹಂಚುತ್ತೇನೆ. ಯಾರಿಗೂ ಗೊತ್ತಾಗಿಲ್ಲ.

ಎಡಗಾಲು ಇನ್ನೂ ಕಳ್ಳ. ಹೈಹ್ಯಾಟ್ ಗುರುತಿನ ಮೇಲೆ ಸಣ್ಣ ಸೊನ್ನೆ ಇದ್ದರೆ ಓಪನ್. ಸೊನ್ನೆ ಕೂತಿರುವುದು ಬಲಗೈಯ ಗುರುತಿನ ಮೇಲೆ, ಕೆಲಸ ಎಡಗಾಲಿನದು. ಆ ಎಂಟು ಮನೆಯ ಬಾರ್‌ನ ಕೊನೆಯ ಮನೆಗೆ ಸೊನ್ನೆ ಹಾಕಿ ನೋಡಿ. ಅಲ್ಲಿ ಪೆಡಲ್ ಎತ್ತಬೇಕು, ಮುಂದಿನ ಬಾರ್‌ನ 1ಕ್ಕೆ ಸರಿಯಾಗಿ ಮುಚ್ಚಬೇಕು. ಆ 1ರಲ್ಲಿ ಕಾಗದದ ಮೇಲೆ ಕಾಣುವುದು ಎರಡು ಗುರುತು, ಹೈಹ್ಯಾಟ್ ಮತ್ತು ಕಿಕ್. ದುಡಿಯುವುದು ಮೂರು: ಬಲಗೈ, ಬಲಗಾಲು, ಎಡಗಾಲು. ಮುಚ್ಚುವುದು ತಡವಾದರೆ ಶ್ಶ್ ಅನ್ನುವ ಸದ್ದು 1ರ ಮೇಲೂ ಹರಿದು ಕಿಕ್ ಮಂಕಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಸೊನ್ನೆ ಇರುವ ಕಡೆ ಒಂದು ಹಸಿರು ಚುಕ್ಕೆ, ಅದರ ಮುಂದಿನ ಮನೆಯಲ್ಲಿ ಇನ್ನೊಂದು ಹಸಿರು ಚುಕ್ಕೆ ಇಡುತ್ತೇನೆ. ಎರಡನೆಯದೇ ಮುಖ್ಯ.

ಫಿಲ್‌ಗಳಲ್ಲಿ ಒಂದು ಪ್ರಯೋಗ ಮಾಡಿದೆ. ಸ್ನೇರ್ ಮೂರು, ಸಣ್ಣ ಟಾಮ್ ಮೂರು, ನಡು ಟಾಮ್ ಮೂರು, ಫ್ಲೋರ್ ಟಾಮ್ ಮೂರು, ಮತ್ತೆ ಸ್ನೇರ್ ನಾಲ್ಕು, ಒಟ್ಟು ಹದಿನಾರು. ತಕಿಟ ನಾಲ್ಕು ಸಲ, ತಕದಿಮಿ ಒಂದು ಸಲ. ಬಲ ಎಡ ಬಲ ಎಡ ಅಂತ ಹೋದರೆ ಸಣ್ಣ ಟಾಮ್‌ಗೂ ಫ್ಲೋರ್ ಟಾಮ್‌ಗೂ ಎಡಗೈ ಮೊದಲು ಹೋಗಬೇಕಾಗುತ್ತದೆ, ಕೈಗಳು ಕತ್ತರಿ ಹಾಕಿಕೊಳ್ಳುತ್ತವೆ. ಪ್ರತಿ ತಕಿಟವನ್ನೂ ಬಲ ಎಡ ಎಡ ಮಾಡಿದೆ. ಪ್ರತಿ ಡ್ರಮ್‌ಗೂ ಬಲಗೈಯೇ ಮೊದಲು ಹೋಗುತ್ತದೆ, ಕೊನೆಯ ತಕದಿಮಿ ಮುಗಿದ ಮೇಲೆ ಕ್ರ್ಯಾಶ್‌ಗೂ ಬಲಗೈ ಖಾಲಿ ಇರುತ್ತದೆ. ಎರಡನೇ ಎಡ ಪೆಟ್ಟು ಸೊರಗದಂತೆ ನೋಡಿಕೊಳ್ಳುವುದಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಎಡಗೈಯನ್ನೇ ಹೈಹ್ಯಾಟ್‌ಗೆ ಇಟ್ಟು ಪೂರ್ತಿ ತಿರುಗಿಸಿ ನುಡಿಸುವುದನ್ನೂ ಸ್ವಲ್ಪ ದಿನ ನೋಡಿದೆ. ಭುಜ ನೋವು ಬಂತು, ಬಿಟ್ಟೆ.

ಕಿವಿಯವರಿಗೆ ಇನ್ನೊಂದು ತೊಂದರೆ ಇದೆ. ಎರಡು ಸಲ ನುಡಿಸಿದರೆ ಬಾಯಿಪಾಠ ಆಗಿಬಿಡುತ್ತದೆ, ಆಮೇಲೆ ಕಣ್ಣು ಕಾಗದದ ಮೇಲೆ ಸುಮ್ನೆ ಇರುತ್ತದೆ. ಪರೀಕ್ಷೆ ಸುಲಭ: ಕೊನೆಯ ಬಾರ್‌ನಿಂದ ಹಿಂದಕ್ಕೆ, ಒಂದೊಂದು ಬಾರ್ ನುಡಿಸುತ್ತಾ ಬನ್ನಿ. ತಡವರಿಸಿದರೆ ನೀವು ಓದುತ್ತಿರಲಿಲ್ಲ.

ಹೋದ ಕ್ರಿಸ್‌ಮಸ್‌ಗೆ ಮೈಸೂರಿನ ಒಂದು ಚರ್ಚಿನ ಕಾರ್ಯಕ್ರಮದಲ್ಲಿ ರಿಹರ್ಸಲ್ ದಿನವೇ ಚಾರ್ಟ್ ಕೈಗೆ ಕೊಟ್ಟರು. ಹತ್ತು ನಿಮಿಷ ಟೈಮ್ ಕೇಳಿಕೊಂಡು, ಪೆನ್ಸಿಲ್ ತೆಗೆದು ಕೈ ಬದಲಾಗುವ ಕಡೆ ಮಾತ್ರ ಬಣ್ಣ ಹಾಕಿ, ಮೊದಲ ಸಲಕ್ಕೇ ನುಡಿಸಿದೆ. ನಾಲ್ಕು ಸಾವಿರ ಕೊಟ್ಟರು. ಕೀಬೋರ್ಡ್ ಗೆಳೆಯ ಆಡಿಯೊ ಕಳಿಸಿ ಅಂತ ಕೇಳುತ್ತಾ ಕೂತಿದ್ದ.

ಯಾವ ಗೆರೆ ಯಾವ ಡ್ರಮ್ ಅಂತ ಹೇಳುವ ಪಟ್ಟಿ ಚಾರ್ಟಿನ ಮೊದಲ ಪುಟದಲ್ಲಿದ್ದರೆ ಅದನ್ನು ನೋಡದೆ ಶುರು ಮಾಡಬೇಡಿ. ರೈಡನ್ನೂ ಟಾಮ್‌ಗಳನ್ನೂ ಒಬ್ಬೊಬ್ಬರು ಒಂದೊಂದು ಗೆರೆಯಲ್ಲಿ ಬರೆಯುತ್ತಾರೆ. ಪಟ್ಟಿಯೇ ಇಲ್ಲದೆ, ಬಾರ್ ತುಂಬಾ ಬರೀ ಓರೆ ಗೀಟು ಎಳೆದಿದ್ದರೆ ಬಣ್ಣ ಹಾಕುವುದಕ್ಕೆ ಏನೂ ಇಲ್ಲ. ಹಾಡಿಗೆ ತಕ್ಕ ಗ್ರೂವ್ ನೀವೇ ನುಡಿಸಿ ಅಂತ ಅದರ ಅರ್ಥ, ಅಲ್ಲಿ ಹಳೇ ಪೆಂಡಾಲಿನ ಕಿವಿಯೇ ಬೇಕು.