ಮೂರನೆಯ ಮನೆಯ ಕುಜ: ನಾನು ಎರಡು ಸಲ ನೋಡಿದ ಒಂದು ಜಾತಕ

ಹಾಸನದಲ್ಲಿ ನನ್ನ ಮನೆಯ ಮುಂದಿನ ಕೋಣೆಯಲ್ಲೇ ಜಾತಕ ನೋಡುತ್ತೇನೆ. ನೋಡಿದ ಕುಂಡಲಿಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇದೆ. ಅದರಲ್ಲಿ ಒಂದು ಪುಟದ ಅಂಚಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಮೂರನೆಯ ಭಾವವನ್ನು, ಅಂದರೆ ಲಗ್ನದಿಂದ ಮೂರನೆಯ ಮನೆಯನ್ನು, ಹೇಗೆ ನೋಡಬೇಕೆಂದು ನಾನು ಸರಿಯಾಗಿ ಕಲಿತದ್ದು ಆ ಪುಟದಿಂದ.

2006ರಲ್ಲಿ ಬೇಲೂರಿನ ಕಡೆಯ ತಾಯಿಯೊಬ್ಬರು ಐದು ವರ್ಷದ ಮಗನ ಜಾತಕ ತಂದಿದ್ದರು. 2001ರ ಮಾರ್ಚ್ ಮೊದಲ ವಾರದ ಜನನ, ಸಂಜೆ ಏಳು ಮುಕ್ಕಾಲರ ಹೊತ್ತು, ಕನ್ಯಾ ಲಗ್ನ. ಮೂರನೆಯ ಮನೆಯಾದ ವೃಶ್ಚಿಕದಲ್ಲಿ ಕುಜ ಒಬ್ಬನೇ ಕುಳಿತಿದ್ದ. ಎದುರಿಗೆ ವೃಷಭದಲ್ಲಿ ಗುರು, ಶನಿ ಇಬ್ಬರೂ ಇದ್ದರು. ಆಕೆ ಕೇಳಿದ್ದು ಒಂದೇ ಮಾತು: “ಜೋಯಿಸರೇ, ಇವನಿಗೆ ತಮ್ಮನೋ ತಂಗಿಯೋ ಆಗುವ ಯೋಗ ಇದೆಯೇ?”

ಮೂರನೆಯದು ಸಹಜ ಭಾವ, ಅಂದರೆ ಬೆನ್ನಿಗೆ ಹುಟ್ಟುವವರ ಮನೆ. ಅಣ್ಣ ಅಕ್ಕಂದಿರನ್ನು ಹನ್ನೊಂದರಲ್ಲಿ ನೋಡುತ್ತೇವೆ. ಸಹೋದರರಿಗೆ ಕಾರಕ, ಅಂದರೆ ಆ ವಿಷಯವನ್ನು ಸೂಚಿಸುವ ಗ್ರಹ, ಕುಜ. ಕಾರಕನೇ ತನ್ನ ಭಾವದಲ್ಲಿ ಕುಳಿತರೆ ಆ ಭಾವ ಕೆಡುತ್ತದೆ ಎಂಬ ‘ಕಾರಕೋ ಭಾವನಾಶಾಯ’ ಸೂತ್ರ ನನಗೆ ಬಾಯಿಪಾಠವಾಗಿತ್ತು. ಅದರ ಮೇಲೆ ಶನಿಯ ಏಳನೆಯ ದೃಷ್ಟಿ ಬೇರೆ. ಹತ್ತು ನಿಮಿಷವೂ ಯೋಚಿಸದೆ “ಇವನಿಗೆ ಬೆನ್ನಿಗೆ ಬೀಳುವವರು ಕಾಣುವುದಿಲ್ಲ” ಎಂದುಬಿಟ್ಟೆ. ಆಕೆ ಏನೂ ಹೇಳಲಿಲ್ಲ. ಮಗುವಿನ ಕೈಹಿಡಿದು ಎದ್ದು ಹೋದರು. ಆ ಮೌನ ಇಂದಿಗೂ ನನ್ನನ್ನು ಕಾಡುತ್ತದೆ.

2008ರಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು. ಆ ಸುದ್ದಿ ನನಗೆ ಗೊತ್ತಾದದ್ದು ಹತ್ತು ವರ್ಷ ಕಳೆದು, ಅದೇ ತಾಯಿ ಅದೇ ಮಗನ ಜಾತಕ ಹಿಡಿದು ಮತ್ತೆ ಬಂದಾಗ. ಬೈಯುವುದಕ್ಕೆ ಬಂದವರಲ್ಲ ಅವರು. ಮಗ ಪಿಯುಸಿ ಬಿಟ್ಟು ಕಲ್ಲು ಕೆತ್ತುವುದನ್ನು ಕಲಿಯುತ್ತೇನೆಂದು ಹಟ ಹಿಡಿದಿದ್ದ, ಅದನ್ನು ಕೇಳಲು ಬಂದಿದ್ದರು. ಎರಡು ದಿನ ಸಮಯ ಕೇಳಿ ಜಾತಕವನ್ನು ಇಟ್ಟುಕೊಂಡೆ.

ಈ ಸಲ ಮೊದಲಿನಿಂದ ಹೊರಟೆ. ಕುಜ ಇದ್ದದ್ದು ವೃಶ್ಚಿಕದಲ್ಲಿ, ಅದು ಅವನ ಸ್ವಂತ ಮನೆ. ಭಾವಾಧಿಪತಿಯೇ ಭಾವದಲ್ಲಿದ್ದಾಗ ಕಾರಕನ ದೋಷದ ಹಲ್ಲು ಮುರಿದಂತೆಯೇ. ಮೂರು ಉಪಚಯ ಸ್ಥಾನವೂ ಹೌದು, ಪಾಪಗ್ರಹಗಳಿಗೆ ಅಲ್ಲಿ ಬಲ ಬರುತ್ತದೆ. ಶನಿಯ ದೃಷ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ನಾನು ಅದೇ ರಾಶಿಯಿಂದ ಬರುತ್ತಿದ್ದ ಗುರುವಿನ ದೃಷ್ಟಿಯನ್ನು ಬಿಟ್ಟಿದ್ದೆ. ಶನಿ ನಿಧಾನ ಮಾಡುತ್ತಾನೆ, ಗುರು ಕೊಡುತ್ತಾನೆ. ಏಳು ವರ್ಷದ ಅಂತರ ಅಲ್ಲೇ ಇತ್ತು.

ಆಮೇಲೆ ದ್ರೇಕ್ಕಾಣ ಹಾಕಿದೆ. ಸಹೋದರರ ವಿಚಾರಕ್ಕೆ ಇದನ್ನು ನೋಡದೆ ಬಾಯಿ ತೆರೆಯಬಾರದು. ಒಂದು ರಾಶಿಯ ಮೂವತ್ತು ಭಾಗವನ್ನು ಹತ್ತರಂತೆ ಮೂರು ತುಂಡು ಮಾಡುವುದು: ಮೊದಲ ತುಂಡು ಅದೇ ರಾಶಿಗೆ, ಎರಡನೆಯದು ಅಲ್ಲಿಂದ ಐದನೆಯದಕ್ಕೆ, ಮೂರನೆಯದು ಒಂಬತ್ತನೆಯದಕ್ಕೆ. ಲಗ್ನ ಕನ್ಯೆಯ 12ನೇ ಭಾಗದ ಸುಮಾರಿನಲ್ಲಿತ್ತು. ಹೀಗಾಗಿ ದ್ರೇಕ್ಕಾಣ ಲಗ್ನ ಮಕರವಾಯಿತು. ಕುಜ ವೃಶ್ಚಿಕದ 16ನೇ ಭಾಗದಲ್ಲಿದ್ದುದರಿಂದ ಮೀನಕ್ಕೆ ಬಂದ. ಮಕರದಿಂದ ಮೀನ ಮತ್ತೆ ಮೂರನೆಯದೇ, ಅದೂ ಗುರುವಿನ ಮನೆ. ವೃಶ್ಚಿಕ, ಮೀನ ಎರಡೂ ಸಮರಾಶಿಗಳು, ಅಂದರೆ ಸ್ತ್ರೀ ರಾಶಿಗಳು. ತಂಗಿ ಎಂದು ಜಾತಕ ಎರಡು ಸಲ ಹೇಳಿತ್ತು, ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಕಾಲವೂ ಹೊಂದಿತು. ಪುಷ್ಯ ನಕ್ಷತ್ರದ ಜನನ, ಶನಿ ದಶೆಯ ಶೇಷ ಎಂಟೂವರೆ ವರ್ಷ. ಮೊದಲ ಸಲ ಆಕೆ ಬಂದಾಗ ಶನಿ ದಶೆಯ ಒಳಗಿನ ಸಣ್ಣ ಅವಧಿಗಳಾದ ಭುಕ್ತಿಗಳಲ್ಲಿ ರಾಹುವಿನದು ನಡೆಯುತ್ತಿತ್ತು. 2007ರಲ್ಲಿ ಗುರು ಭುಕ್ತಿ ಶುರುವಾಗಿ 2009ರವರೆಗೆ ಇತ್ತು. ಭಾವವನ್ನು ನೋಡುತ್ತಿದ್ದ ಎರಡೂ ಗ್ರಹಗಳ ಕಾಲ ಕೂಡಿದಾಗಲೇ ಮಗು ಬಂದಿದೆ.

ಇನ್ನು ಕಲ್ಲಿನ ವಿಷಯ. ಮೂರನೆಯ ಮನೆ ದೇಹದಲ್ಲಿ ಭುಜ, ತೋಳು, ಕೈ. ಬರವಣಿಗೆಯೂ ಕೈಕೆಲಸವೂ ಅಲ್ಲಿಂದಲೇ ಬರುತ್ತವೆ. ಆದರೆ ಕುಜ ಬಲವಾಗಿದ್ದಾನೆ ಎಂದ ಮಾತ್ರಕ್ಕೆ ಕೈಗೆ ಕುಸುರಿ ಬರುವುದಿಲ್ಲ. ಕುಜ ಕೊಡುವುದು ಕಬ್ಬಿಣ ಹಿಡಿಯುವ ಧೈರ್ಯ ಮತ್ತು ಪೆಟ್ಟಿನ ಬಲ. ಅಕ್ಷರ, ಅಳತೆ, ನಯ ಇವೆಲ್ಲ ಬುಧನವು. ಇಬ್ಬರಿಗೂ ಸಂಬಂಧ ಇದೆಯೇ ಎಂದು ಹುಡುಕಬೇಕು. ಇಲ್ಲಿ ಬುಧ ಲಗ್ನಾಧಿಪತಿಯೂ ದಶಮಾಧಿಪತಿಯೂ ಆಗಿ ಐದರಲ್ಲಿ, ಶನಿಯ ಮನೆಯಾದ ಮಕರದಲ್ಲಿದ್ದಾನೆ, ಗುರುವಿನ ಒಂಬತ್ತನೆಯ ದೃಷ್ಟಿಯೂ ಅವನ ಮೇಲಿದೆ. ಕುಜ ತನ್ನ ಎಂಟನೆಯ ದೃಷ್ಟಿಯಿಂದ ಹತ್ತನೆಯ ಮನೆ ಮಿಥುನವನ್ನು ನೋಡುತ್ತಾನೆ, ಅದು ಬುಧನ ಮನೆ. ಕೈಯ ಮನೆಯಿಂದ ಕಸುಬಿನ ಮನೆಗೆ ದಾರಿ ನೇರವಾಗಿದೆ. ಶನಿಯ ನೆಲದಲ್ಲಿ ಕುಳಿತ ಬುಧನಿಗೆ ಕಲ್ಲಿಗಿಂತ ಒಳ್ಳೆಯ ಹಾಳೆ ಯಾವುದಿದೆ? ನಡೆಯುತ್ತಿದ್ದದ್ದು ಬುಧ ದಶೆಯ ಕುಜ ಭುಕ್ತಿ.

“ಕಳಿಸಿಕೊಡಿ ತಾಯಿ” ಎಂದೆ. “ಬರೀ ವಿಗ್ರಹವಲ್ಲ, ಅಕ್ಷರ ಕೆತ್ತುವುದನ್ನೂ ಕಲಿಯಲಿ.”

ಆಕೆ ಹವಳ ಹಾಕಿಸಬೇಕೇ ಎಂದು ಕೇಳಿದರು. ಬೇಡ ಎಂದೆ. ಕನ್ಯಾ ಲಗ್ನಕ್ಕೆ ಕುಜ ಮೂರಕ್ಕೂ ಎಂಟಕ್ಕೂ ಒಡೆಯ. ಸ್ವಕ್ಷೇತ್ರದಲ್ಲಿ ಇರುವವನಿಗೆ ಇನ್ನಷ್ಟು ಬಲ ಕೊಟ್ಟರೆ ಎಂಟನೆಯ ಮನೆಯೂ ಜೊತೆಗೆ ಎದ್ದು ಕುಳಿತುಕೊಳ್ಳುತ್ತದೆ. ಮಂಗಳವಾರ ಸುಬ್ರಹ್ಮಣ್ಯನಿಗೆ ಪೂಜೆ ಮಾಡಿಸಿ, ಕೆಲಸದ ಹೊತ್ತಿನಲ್ಲಿ ಕಣ್ಣಿಗೆ ಕನ್ನಡಕ ಹಾಕಿಸಿ, ಕೈಗೆ ಪೆಟ್ಟಾಗುವ ಭಯ ಇದೆ ಎಂದೆ. ಆ ಭುಕ್ತಿ ಮುಗಿಯುವುದರೊಳಗೆ ಸುತ್ತಿಗೆ ಜಾರಿ ಎಡಗೈಯ ಹೆಬ್ಬೆರಳು ಜಜ್ಜಿತು. ತಿಂಗಳೊಳಗೆ ವಾಸಿಯಾಯಿತು.

ಹುಡುಗ ಮಾತು ಕಡಿಮೆ. ಮೂರರಲ್ಲಿ ಕುಜ ಇದ್ದರೆ ಜಗಳಗಂಟ ಎಂದುಕೊಳ್ಳುವವರು ಇವನನ್ನು ನೋಡಬೇಕು. ಶನಿ ನೋಡುವ ಕುಜನ ಧೈರ್ಯ ಬಾಯಿಗೆ ಬರುವುದಿಲ್ಲ, ಕೈಯಲ್ಲೇ ನಿಲ್ಲುತ್ತದೆ. ಒಮ್ಮೆ ಅವನು ಕೆಲಸ ಮಾಡುವಲ್ಲಿಗೆ ಹೋಗಿದ್ದೆ. ಬಳಪದ ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡು, ಅಕ್ಷರದ ನಡುಗೆರೆಯನ್ನು ಮೊದಲು ಸೀಳಿ, ಆಮೇಲೆ ಎರಡೂ ಪಕ್ಕದಿಂದ ಉಳಿಯನ್ನು ವಾರೆ ಹಿಡಿದು ಇಳಿಸುತ್ತಿದ್ದ. ‘ಕ್ಷ’ದ ತಿರುವಿಗೆ ಬಂದಾಗ ಉಸಿರು ಬಿಗಿಹಿಡಿದು ಸಣ್ಣ ಸಣ್ಣ ಏಟು ಕೊಟ್ಟ. ಒಂದು ಏಟು ಹೆಚ್ಚಾದರೆ ಚಕ್ಕೆ ಹಾರಿ ಅಕ್ಷರವೇ ಹೋಗುತ್ತದೆ. ಬೇಲೂರಿನ ದೇವಸ್ಥಾನದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹಗಳ ಕೆಳಗೆ ಹೆಸರು ಬರೆದಿರುವುದು ಆಗ ನೆನಪಾಯಿತು.

ಸಣ್ಣ ಪ್ರಯಾಣವೂ ಇದೇ ಮನೆಯದು. ಮೂರು ಎಂದರೆ ನಾಲ್ಕರಿಂದ ಹನ್ನೆರಡು, ಅಂದರೆ ಸ್ವಂತ ಮನೆಯನ್ನು ಬಿಟ್ಟು ಹೊರಡುವುದು. ಅವನ ದಿನ ಬಸ್ಸಿನಲ್ಲೇ ಶುರುವಾಗುತ್ತದೆ: ಬೇಲೂರು, ಹಳೇಬೀಡು, ಹಾಸನ, ಕೆಲವೊಮ್ಮೆ ಚಿಕ್ಕಮಗಳೂರು. ರಾತ್ರಿ ಮನೆಗೆ ಬಂದೇ ಬರುತ್ತಾನೆ. ಕೆತ್ತುವ ಮೊದಲು ಬರಹವನ್ನು ಮೊಬೈಲ್‌ನಲ್ಲಿ ತಂಗಿಗೆ ಕಳಿಸುತ್ತಾನೆ. ಅವಳು ಕಾಗುಣಿತ ತಿದ್ದಿ ಕಳಿಸಿದ ಮೇಲೆಯೇ ಉಳಿ ಎತ್ತುವುದು.

2026ರಲ್ಲಿ ಬುಧ ದಶೆ ಮುಗಿದು ಕೇತು ಬರುತ್ತಾನೆ. ಕೇತು ನಾಲ್ಕರಲ್ಲಿದ್ದಾನೆ, ಓಡಾಟ ಕಡಿಮೆಯಾಗಿ ಕೆಲಸ ಮನೆಯಂಗಳಕ್ಕೆ ಬರಬಹುದು ಎಂದು ಅದೇ ಪುಟದ ಕೆಳಗೆ ಬರೆದಿದ್ದೇನೆ. ತಾಯಿಗೆ ಇನ್ನೂ ಹೇಳಿಲ್ಲ. ರಾಶಿಯನ್ನು ನಾಲ್ಕು ತುಂಡು ಮಾಡುವ ಚತುರ್ಥಾಂಶ ಹಾಕಿ ನೋಡುವುದು ಬಾಕಿ ಇದೆ.