ತಡವಾಯಿತೆಂದು ಬಿಲ್ಲಿನಲ್ಲಿ ದುಡ್ಡು ಹಿಡಿದರೆ ಹೀಗೆ ಪತ್ರ ಬರೆಯಿರಿ

ಗ್ರಾಹಕರು ತಡದ ದಂಡ ಅಂತ ಬಿಲ್ಲಿನಲ್ಲಿ ಹಣ ಹಿಡಿದುಕೊಂಡರೆ, ‘ನಮ್ಮದು ತಪ್ಪಿಲ್ಲ’ ಎಂದು ಸುಮ್ನೆ ವಾದಿಸಬೇಡಿ. ತಡವಾದ ದಿನಗಳನ್ನು ಯಾರಿಂದ ಎಷ್ಟು ಎಂದು ಪಾಲು ಮಾಡಿ, ಪ್ರತಿ ಪಾಲಿಗೂ ತಾರೀಖು ಮತ್ತು ಮೇಲ್ ಜೋಡಿಸಿ. ಉದಾಹರಣೆಗೆ, 8 ಲಕ್ಷದ ಗ್ರಿಲ್ ಕೆಲಸ, ವಾರಕ್ಕೆ ಶೇ. 0.5 ದಂಡ, 6 ವಾರ ತಡ. ಅವರು ಹಿಡಿದದ್ದು 24,000 ರೂಪಾಯಿ. ಆದರೆ ಅವರು ಕೊಡಬೇಕಿದ್ದ ಡ್ರಾಯಿಂಗ್ ಒಪ್ಪಿಗೆಯೇ 4 ವಾರ ತಡವಾಗಿ ಬಂದಿತ್ತು. ಆಗ ಪತ್ರದಲ್ಲಿ ನೇರವಾಗಿ ಹೀಗೆ ಬರೆಯಿರಿ: ‘ಡ್ರಾಯಿಂಗ್ ಒಪ್ಪಿಗೆ ಕೊಡಬೇಕಿದ್ದ ದಿನ ಇದು, ಕೈಗೆ ಬಂದ ದಿನ ಇದು, ಎರಡೂ ಮೇಲ್ ಲಗತ್ತಿಸಿದ್ದೇವೆ. ಈ 4 ವಾರಕ್ಕೆ ಹಿಡಿದ 16,000 ರೂಪಾಯಿ ಬಿಡುಗಡೆ ಮಾಡಿ. ಉಳಿದ 2 ವಾರದ 8,000ಕ್ಕೆ ನಮ್ಮ ತಕರಾರಿಲ್ಲ.’ ನಮ್ಮ ಪಾಲನ್ನು ಒಪ್ಪಿಕೊಂಡರೆ ಉಳಿದ ಮಾತಿಗೆ ತೂಕ ಬರುತ್ತದೆ. ಅಕೌಂಟ್ಸ್‌ನವರಿಗೂ ಹಣ ಬಿಡಲು ಫೈಲಿಗೆ ಹಾಕುವಂಥ ಕಾಗದ ಬೇಕು, ಅಲ್ವಾ? ಪತ್ರವನ್ನು ಅವರಿಗೂ, ಸೈಟ್ ಇಂಜಿನಿಯರ್‌ಗೂ ಒಟ್ಟಿಗೇ ಕಳಿಸಿ. ತಾರೀಖು ಸರಿ ಎನ್ನಬೇಕಾದವರು ಇಂಜಿನಿಯರ್. ಆದರೆ ಒಪ್ಪಿಗೆ ತಡವಾದಾಗ ನೀವು ಬರೆದು ತಿಳಿಸಿರದಿದ್ದರೆ, ಅಥವಾ ಆಗ ನಿಮ್ಮ ಕಬ್ಬಿಣವೇ ಬಂದಿರದಿದ್ದರೆ, ಈ ಲೆಕ್ಕ ನಿಲ್ಲುವುದು ಕಷ್ಟ. ಗಡುವು ವಿಸ್ತರಣೆಯನ್ನು ಇಷ್ಟು ದಿನದೊಳಗೆ ಬರವಣಿಗೆಯಲ್ಲೇ ಕೇಳಬೇಕು ಎಂಬ ಷರತ್ತು ಆರ್ಡರ್‌ನಲ್ಲಿದೆಯೇ ಎಂದು ಮೊದಲು ನೋಡಿ. ‘ಪೂರ್ತಿ ಹಣ ಸಂದಿದೆ, ಬೇರೆ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಮಾತ್ರ, ಇದು ತೀರ್ಮಾನವಾಗುವ ತನಕ ಸಹಿ ಹಾಕಬೇಡಿ.